ಉಳಿದ ಎಂಟು ಚೀಲ

ಕೆಲಸ ಮುಗಿದ ಮೇಲೆ ಸಾಮಾನು ಉಳಿದರೆ ಯಾರಿಗೆ ತಾನೇ ಬೇಜಾರು? ಟೈಲ್ಸ್ ಹಾಕುವ ಆ ಗುಂಪಿನವರೆಲ್ಲ ಉಳಿದ ಚೀಲ ಕಂಡರೆ ಮೀಸೆಯಡಿ ನಗುವವರೇ. ನೆಮ್ಮದಿ ಕೆಡುತ್ತಿದ್ದದ್ದು ಒಬ್ಬಳಿಗೆ ಮಾತ್ರ, ದೊಡ್ಡ ಮೇಸ್ತ್ರಿಯ ಸೊಸೆಗೆ. ಕೊರತೆ ಬಿದ್ದರೂ ಅವಳಿಗೆ ಸಂಕಟ, ಉಳಿದರೂ ಸಂಕಟ. ಟೈಲು ಕೂರಿಸುವ ಅಂಟಿನ ಪುಡಿ ಎಷ್ಟು ಚೀಲ ಬೇಕು, ಎಷ್ಟು ಕೆಜಿ ಗ್ರೌಟ್ ಬೇಕು ಎಂದು ಕೆಲಸಕ್ಕೆ ಮೊದಲೇ ಹೇಳುವವಳು ಅವಳು. ಅದಕ್ಕೇ ಗುಂಪಿನಲ್ಲಿ ಅವಳಿಗೆ ಲೆಕ್ಕದಕ್ಕ ಎಂದು ಹೆಸರು ಬಿದ್ದಿತ್ತು. ಹೊಗಳಿಕೆಯೋ ಗೇಲಿಯೋ, ಎರಡೂ ಇರಬೇಕು.

ಅವಳೇನು ಹುಟ್ಟುತ್ತಲೇ ಲೆಕ್ಕ ಕಲಿತು ಬಂದವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ ಎಡವಟ್ಟು ಇವತ್ತಿಗೂ ಅವರ ಅಡುಗೆಮನೆಯ ಗೋಡೆ ಮೇಲಿದೆ. ಒಲೆಯ ಹಿಂದಿನ ಗೋಡೆಗೆ ಮಾವ ಪುಟ್ಟ ಪುಟ್ಟ ಚೌಕದ ಟೈಲ್ ಹಾಕಿದ್ದರು, ಒಂದೊಂದೂ ಹೆಬ್ಬೆರಳ ತುದಿಯಷ್ಟೇ. "ಗ್ರೌಟ್ ತಗೊಂಡು ಬಾಮ್ಮ, ಮುಂದಿನ ಹಾಲ್‌ನಲ್ಲಿ ಹಾಕಿದ್ದೇ ಬಣ್ಣ," ಎಂದರು. ಗ್ರೌಟ್ ಎಂದರೆ ಟೈಲುಗಳ ನಡುವಿನ ಸಂದಿಗೆ ತುಂಬುವ ಪುಡಿ. ಹಾಲ್‌ನಲ್ಲಿ ಎರಡಡಿ ಟೈಲಿಗೆ ಎಷ್ಟು ಹಿಡಿದಿತ್ತು ಎಂದು ಅವಳಿಗೆ ನೆನಪಿತ್ತು. ಈ ಗೋಡೆ ಅದರಲ್ಲಿ ಒಂದು ಮೂಲೆಯಷ್ಟಿಲ್ಲ, ಒಂದು ಪ್ಯಾಕೆಟ್ ಧಾರಾಳ ಸಾಕು ಎಂದುಕೊಂಡು ಒಂದೇ ತಂದಳು. ಅರ್ಧ ಗೋಡೆಗೆ ಬರುವಷ್ಟರಲ್ಲಿ ಬಟ್ಟಲು ಖಾಲಿ! ಓಡಿಹೋಗಿ ಇನ್ನೊಂದು ತಂದರೆ, ಅದು ಬೇರೆ ಸಲ ತಯಾರಾದ ಮಾಲು. ಪ್ಯಾಕೆಟ್ ಮೇಲೆ ಬಣ್ಣದ ಹೆಸರು ಅದೇ, ಗೋಡೆ ಮೇಲೆ ಒಣಗಿದಾಗ ಬೇರೆಯೇ. ಮೇಲರ್ಧ ಬೂದು, ಕೆಳಗಿನರ್ಧ ಮಣ್ಣುಬೂದು.

"ಪರವಾಗಿಲ್ಲ ಬಿಡು, ಗೋಡೆಗೆ ಸೀರೆ ಅಂಚು ಬಂತು," ಎಂದು ಅತ್ತೆ ನಕ್ಕರು. ಅವಳಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮಾವ ಬೈಯಲಿಲ್ಲ. ಇಷ್ಟಕ್ಕೂ ಅವರದು ಮುಂಗೋಪ. ಸೊಟ್ಟ ಟೈಲ್ ಕಂಡರೆ ಹಾಕಿದವನ ಏಳು ತಲೆಮಾರು ಜಾಲಾಡುವ ಮನುಷ್ಯ. ಅವತ್ತು ಮಾತ್ರ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಒಂದು ದೊಡ್ಡ ಚೌಕ ಬರೆದರು. ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು ಚೌಕ ಬರೆದು ಅದರೊಳಗೆ ಅಡ್ಡ ಉದ್ದ ಗೆರೆ ಎಳೆಯುತ್ತಲೇ ಹೋದರು.

"ಜಾಗ ಎರಡೂ ಒಂದೇ. ಗೆರೆ ಎಲ್ಲಿ ಜಾಸ್ತಿ?"

"ಇಲ್ಲಿ ಮಾವ."

"ಗ್ರೌಟ್ ಹೋಗೋದು ಟೈಲಿಗಲ್ಲ ಕಣಮ್ಮ, ಗೆರೆಗೆ. ಟೈಲಿನ ಉದ್ದ ಅಗಲ ಕೂಡಿಸು. ಅದನ್ನ ಉದ್ದ ಅಗಲ ಗುಣಿಸಿ ಬಂದದ್ದರಿಂದ ಭಾಗಿಸು. ಅದಕ್ಕೆ ಟೈಲಿನ ದಪ್ಪ ಗುಣಿಸು, ಸಂದಿನ ಅಗಲ ಗುಣಿಸು, ಎಲ್ಲ ಎಂಎಂನಲ್ಲಿ. ಕೊನೆಗೆ ಒಂದೂವರೆ, ಇಲ್ಲ ಒಂದು ಪಾಯಿಂಟ್ ಆರರಿಂದ ಗುಣಿಸು. ಅದು ಪುಡಿಯ ತೂಕ. ಒಂದು ಚದರ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತೆ."

ಅವಳು ಮಾಡಿ ನೋಡಿದಳು. ಹಾಲ್‌ನದು ಆರುನೂರು ಎಂಎಂ ಟೈಲು, ಹತ್ತು ದಪ್ಪ, ಸಂದು ಮೂರು. ಚದರ ಮೀಟರಿಗೆ ನೂರ ಅರವತ್ತು ಗ್ರಾಂ ಬಂತು. ಅಡುಗೆಮನೆಯದು ಇಪ್ಪತ್ತೈದರ ಚೌಕ, ದಪ್ಪ ಐದೇ, ಸಂದು ಎರಡೇ. ದಪ್ಪ ಕಮ್ಮಿ, ಸಂದು ಕಮ್ಮಿ, ಆದರೂ ಒಂದು ಕೆಜಿ ಇನ್ನೂರ ಎಂಬತ್ತು ಗ್ರಾಂ! ಎಂಟು ಪಟ್ಟು! ತಪ್ಪು ಮಾಡಿದೆ ಎಂದುಕೊಂಡು ಮತ್ತೆ ಮಾಡಿದಳು. ಮತ್ತೆ ಎಂಟು ಪಟ್ಟು. ಮೈ ಜುಮ್ಮೆಂದಿತು. ಅಲ್ಲ, ಈ ಗೋಡೆಯ ಮುಂದೆಯೇ ನಿಂತಿದ್ದೆ, ಕಣ್ಣೆದುರೇ ಇದ್ದದ್ದು ಕಾಣಲಿಲ್ಲವಲ್ಲ! ಟೈಲು ಸಣ್ಣದಾದಷ್ಟೂ ಸಂದು ಬೆಳೆಯುತ್ತದೆ. ಆವತ್ತಿನಿಂದ ಅವಳು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ನೆಲದ ಗೆರೆಗಳನ್ನು.

ಅಂಟಿನ ಲೆಕ್ಕ ಕಲಿಸಿದ್ದು ಇನ್ನೂ ಚಂದ. ಅಂಟನ್ನು ನೆಲದ ಮೇಲೆ ಹರಡುವುದು ಹಲ್ಲಿನ ಕರಣೆಯಿಂದ. ಅಂಚಿನಲ್ಲಿ ಚೌಕ ಹಲ್ಲು ಕತ್ತರಿಸಿದ ಉಕ್ಕಿನ ತಗಡು, ಬೆನ್ನಿಗೊಂದು ಮರದ ಹಿಡಿ. ಮಾವ ಅಂಟು ಹಚ್ಚಿ ಆ ಕರಣೆ ಎಳೆದರು. ಬಾಚಣಿಗೆಯಿಂದ ಬಾಚಿದ ಕೂದಲಿನ ಹಾಗೆ ಸಾಲು ಸಾಲು ಏರಿ ನಿಂತಿತು. ಅದರ ಮೇಲೆ ಟೈಲಿನ ಬದಲು ಒಂದು ಹಳೇ ಕಿಟಕಿ ಗಾಜು ಇಟ್ಟು ಎರಡೂ ಅಂಗೈಯಿಂದ ಒತ್ತಿ, ಸಾಲಿಗೆ ಅಡ್ಡಡ್ಡ ಅಲುಗಿಸಿದರು. "ನೋಡ್ತಿರು," ಎಂದರು.

ಗಾಜಿನಡಿಯಲ್ಲಿ ಸಾಲುಗಳು ಮೆಲ್ಲಗೆ ಅಗಲವಾದವು. ನಡುವಿನ ಖಾಲಿ ಓಣಿಗಳು ಇಷ್ಟಿಷ್ಟೇ ಕಿರಿದಾದವು, ಗಾಳಿ ಅಂಚಿನಿಂದ ಹೊರಗೆ ಹೋಯಿತು, ಕೊನೆಗೊಂದು ಓಣಿಯೂ ಉಳಿಯಲಿಲ್ಲ. ಪೂರ್ತಿ ಒಂದೇ ಬೂದು ಬಣ್ಣ. ಅವಳು ಬಾಯಿ ಮುಚ್ಚುವುದನ್ನೇ ಮರೆತಳು.

"ಹಲ್ಲಿನ ಆಳ ಹತ್ತು ಎಂಎಂ. ಹಲ್ಲೂ ಹಲ್ಲುಗಳ ನಡುವಿನ ಸಂದೂ ಸಮ, ಹಾಗಾಗಿ ಅರ್ಧ ಜಾಗದಲ್ಲಿ ಅಂಟು, ಅರ್ಧ ಖಾಲಿ. ಒತ್ತಿದರೆ ಎಷ್ಟು ದಪ್ಪ ನಿಲ್ಲುತ್ತೆ?"

"ಐದು."

"ಹಾಂ! ಕರಣೆ ನೆಟ್ಟಗೆ ಹಿಡಿದರೆ ಐದು. ಓರೆ ಹಿಡಿದರೆ ಸಾಲು ಕುಗ್ಗುತ್ತೆ, ಐದು ಬರಲ್ಲ. ಒಂದು ಎಂಎಂ ದಪ್ಪಕ್ಕೆ ಚದರ ಮೀಟರಿಗೆ ಸುಮಾರು ಒಂದು ಕೆಜಿ ನಾನೂರು ಗ್ರಾಂ ಪುಡಿ. ಐದಕ್ಕೆ ಏಳು ಕೆಜಿ. ಆಯ್ತಲ್ಲ, ನಿನಗೆ ಬಂತು ಲೆಕ್ಕ."

ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಒಂದೆರಡು ಕೆಲಸಗಳ ನಂತರ ಮಾವ ಅಂಗಡಿಯವನಿಗೆ ಹೇಳಿಯೇಬಿಟ್ಟರು: "ಇನ್ನು ಮೇಲೆ ಚೀಲ ಎಷ್ಟು ಅಂತ ನನ್ನ ಕೇಳಬೇಡಪ್ಪ, ಅವಳನ್ನ ಕೇಳು." ಗುಂಪಿನಲ್ಲಿ ಗುಸುಗುಸು ಎದ್ದಿತು. ಅಂಟು ಕಲಸುವವನು, ಮಾವನ ಜೊತೆ ಹಳೇ ಕಾಲದಿಂದ ಇದ್ದವನು, ಮೂಗು ಮುರಿದ. ಮಗನೇ, ಎಂದರೆ ಅವಳ ಗಂಡನೇ, "ಅಪ್ಪ, ನಾಳೆ ಹೆಚ್ಚುಕಮ್ಮಿ ಆದರೆ?" ಎಂದ. "ಆದರೆ ಕೆಲಸದಿಂದ ತೆಗಿಯೋಣ. ಆಗೋ ತನಕ ಚಕಾರ ಎತ್ತಬೇಡಿ," ಎಂದರು ಮಾವ. ಅಲ್ಲಿಗೆ ಮುಗಿಯಿತು. ಆ ಮಾತು ಅವಳ ಎದೆಯಲ್ಲಿ ಹಾಗೇ ಕೂತಿತ್ತು. ಹೆಚ್ಚುಕಮ್ಮಿ ಆಗಕೂಡದು.

ಆಮೇಲೆ ಬಂತು ಆಸ್ಪತ್ರೆಯ ಕೆಲಸ.

ವಾರ್ಡಿನಿಂದ ಆಪರೇಷನ್ ಕೋಣೆಗೆ ಹೋಗುವ ಉದ್ದನೆಯ ಹಾದಿ, ಸರಿಯಾಗಿ ನೂರು ಚದರ ಮೀಟರ್. ಎರಡಡಿ ಟೈಲು, ಹತ್ತು ದಪ್ಪ, ಸಂದು ಮೂರು. ಹಲ್ಲು ಹತ್ತರ ಕರಣೆ. ಅಂಟು ಏಳುನೂರು ಕೆಜಿ, ಇಪ್ಪತ್ತು ಕೆಜಿಯ ಮೂವತ್ತೈದು ಚೀಲ. ಬಕೆಟಿನಲ್ಲಿ ಗಟ್ಟಿಯಾಗಿ ಹಾಳಾಗುವುದಕ್ಕೆ ಒಂದು, ಒಟ್ಟು ಮೂವತ್ತಾರು. ಗ್ರೌಟ್ ಹದಿನಾರು ಕೆಜಿ, ಕೈತಪ್ಪಿಗೆ ಒಂದು ಸೇರಿಸಿ ಹದಿನೇಳು, ಒಂದೊಂದು ಕೆಜಿಯ ಪ್ಯಾಕೆಟ್, ಎಲ್ಲ ಒಂದೇ ಸಲ ತಯಾರಾದ ಮಾಲು. ಅಡುಗೆಮನೆ ಗೋಡೆಯ ಪಾಠ ಅವಳು ಮರೆಯುವವಳಲ್ಲ.

ಮಾವ ಮಂಡಿಗೆ ರಬ್ಬರ್ ಕಟ್ಟಿಕೊಂಡು ಕೂತರೆ ನೋಡುವುದಕ್ಕೇ ಒಂದು ಸೊಗಸು. ಅವರ ಕರಣೆ ಎಷ್ಟು ಹಳೆಯದೆಂದರೆ ಮರದ ಹಿಡಿಯಲ್ಲಿ ಅವರ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಮಗ ಪ್ರೀತಿಯಿಂದ ತಂದುಕೊಟ್ಟ ಹೊಸ ಕರಣೆ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. "ಅದು ಕೈಗೆ ಕೂರಲ್ಲ ಕಣೋ," ಎನ್ನುತ್ತಿದ್ದರು. ದೊಡ್ಡ ಟೈಲಿನ ಕೆಲಸದಲ್ಲಿ ಅಂಟು ಬಾಚುವುದು ಅವರೊಬ್ಬರೇ. ಟೈಲು ಇಟ್ಟು ತಟ್ಟುವುದು ಮಗ, ಕಲಸುವುದು ಕಲಸುವವನು. ಕೆಲಸ ಶುರು ಮಾಡಿದ ಜಾಗದಲ್ಲಿ ಒಂದು ಟೈಲನ್ನು ಹಸಿ ಇರುವಾಗಲೇ ಮೇಲೆತ್ತಿ ಬೆನ್ನು ನೋಡುವುದು ಮಾವನ ಪದ್ಧತಿ. ಎತ್ತಿದರು. ಬೆನ್ನಿಗೆಲ್ಲ ಅಂಟು ಹತ್ತಿತ್ತು. ಬಾಗಿಲ ಹತ್ತಿರ ಕೆಳಗಿನ ಕಾಂಕ್ರೀಟ್ ಕನ್ನಡಿಯ ಹಾಗೆ ಸಮವಾಗಿತ್ತು. "ಸರಿ, ನಡೀಲಿ," ಎಂದರು.

ನಡೆಯಿತು. ಹಾದಿಯ ಆ ತುದಿಯಲ್ಲಿ ಕೊನೆಯ ಟೈಲು ಕೂತಾಗ, ಗೋಡೆಗೆ ಒರಗಿಸಿದ್ದ ಚೀಲಗಳನ್ನು ಸೊಸೆ ನೋಡಿದಳು. ಎಂಟು.

ಮತ್ತೆ ನೋಡಿದಳು. ಎಂಟೇ. ಉಳಿಯಬೇಕಾದದ್ದು ಹೆಚ್ಚೆಂದರೆ ಒಂದು.

"ಅಬ್ಬಬ್ಬಾ, ಲೆಕ್ಕದಕ್ಕ!" ಕಲಸುವವನು ಕೈ ತೊಳೆಯುತ್ತಾ ದನಿ ಎತ್ತಿದ. "ನಮಗೆ ಇನ್ನೊಂದು ಮನೆಗಾಗೋಷ್ಟು ತರಿಸಿದ್ದೀಯಲ್ಲ ತಾಯೀ! ಕಲಸೋಕೆ ಪುಡಿ ಕಮ್ಮಿ ಬೀಳಬಾರದು ಅಂತ ನನ್ನ ಮೇಲೆ ಎಂಥ ಪ್ರೀತಿ!"

ಎಲ್ಲರೂ ಗೊಳ್ಳೆಂದರು. ಆಸ್ಪತ್ರೆಯ ಕಟ್ಟಡ ನೋಡಿಕೊಳ್ಳುವ ಇಂಜಿನಿಯರಮ್ಮ ಆ ಹೊತ್ತಿಗೇ ಬಂದವರು, "ಉಳೀತಾ? ಒಳ್ಳೇದಾಯ್ತಲ್ಲ, ವಾಪಸ್ ಕೊಡಿ," ಎಂದು ಖುಷಿಯಿಂದಲೇ ಹೋದರು. ಗಂಡ ಹತ್ತಿರ ಬಂದು ದನಿ ತಗ್ಗಿಸಿದ. "ಏನೇ ಇದು? ಜಾಗ ಅಳೆಯುವಾಗ ನಿದ್ದೆ ಮಾಡ್ತಿದ್ಯಾ?"

ಮಾವ ಕೈ ಒರೆಸಿಕೊಂಡು ಹತ್ತಿರ ಬಂದರು. ಚೀಲಗಳನ್ನು ಒಮ್ಮೆ ನೋಡಿದರು, ಅವಳನ್ನು ಒಮ್ಮೆ ನೋಡಿದರು. "ಅಳತೆಯಲ್ಲಿ ಎಲ್ಲೋ ತಪ್ಪಿರಬೇಕಮ್ಮ. ಆಗುತ್ತೆ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೆತ್ತನೆಯ 'ಆಗುತ್ತೆ' ಕೇಳಿ ಅವಳ ಕಣ್ಣು ತುಂಬಿ ಬಂತು. ಕೆಲಸ ಹೋಯಿತು ಎಂದೇ ಅಂದುಕೊಂಡಳು.

ಎಲ್ಲರೂ ಹೋದ ಮೇಲೆ ಹಾದಿಯನ್ನು ಇನ್ನೊಮ್ಮೆ ಅಳೆದಳು. ನೂರು. ಟೇಪಿನ ಮೇಲೇ ಅನುಮಾನ ಬಂದು ಟೈಲುಗಳನ್ನೇ ಎಣಿಸಿದಳು. ಅದೂ ಸರಿ. ಆದರೂ ಯಾರ ಮುಂದೆ ಬಾಯಿ ಬಿಡುವುದು? ನಾನು ಸರಿ ಎಂದರೆ ಹಟಮಾರಿ ಎನ್ನುತ್ತಾರೆ. ನುಂಗಿಕೊಂಡಳು.

ಮಾರನೇ ದಿನ ಗ್ರೌಟ್. ಅದನ್ನು ರಬ್ಬರ್ ಹಲಗೆಯಿಂದ ಸಂದಿಗೆ ಒತ್ತುತ್ತಾ ಹೋಗುವುದು ಅವಳೂ ಗಂಡನೂ. ಪ್ಯಾಕೆಟ್ ಒಂದೊಂದಾಗಿ ಒಡೆಯುತ್ತಾ, ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು, ಇದೂ ಉಳಿಯಲಿ ಎಂದು. ವಿಚಿತ್ರ ಬೇಡಿಕೆ! ಇದೂ ಮೂರ್ನಾಲ್ಕು ಕೆಜಿ ಉಳಿದರೆ ತಪ್ಪು ಅವಳದೇ ಎಂದು ಖಚಿತವಾಗುತ್ತಿತ್ತು, ಜಾಗದ ಅಳತೆಯೇ ತಪ್ಪು ಎಂದು. ಎರಡು ಬೈಗುಳ ತಿಂದು ಮನೆಯಲ್ಲಿ ಕೂರಬಹುದಿತ್ತು. ಹಾದಿಯ ತುದಿ ಮುಟ್ಟಿದಾಗ ಅವಳ ಕೈಯಲ್ಲಿ ಉಳಿದದ್ದು ಒಂದೇ ಪ್ಯಾಕೆಟ್. ಹದಿನಾರು ಹೋಗಿತ್ತು. ಲೆಕ್ಕ ಹಾಕಿದ್ದೂ ಹದಿನಾರು.

ಅವಳು ರಬ್ಬರ್ ಹಲಗೆ ಕೆಳಗಿಟ್ಟಳು. ಸಂದಿಗೆ ತುಂಬಿದ್ದು ಸರಿಯಾಗಿದೆ ಎಂದರೆ ಜಾಗ ಸರಿ, ಟೈಲಿನ ಅಳತೆ ಸರಿ, ದಪ್ಪ ಸರಿ, ಸಂದು ಸರಿ. ಈ ಲೆಕ್ಕದಲ್ಲಿ ಇಲ್ಲದ್ದು, ಅಂಟಿನ ಲೆಕ್ಕದಲ್ಲಿ ಮಾತ್ರ ಇರುವುದು ಒಂದೇ ಒಂದು: ಕರಣೆಯ ಹಲ್ಲು. ಮಾವನ ಕೈಯಲ್ಲಿರುವ ಕರಣೆ.

"ರೀ," ಎಂದಳು. "ಅಂಟು ಕಮ್ಮಿ ಬಿದ್ದಿದೆ ರೀ. ಐದರಲ್ಲಿ ಒಂದು ಪಾಲು ನೆಲಕ್ಕೆ ಹೋಗೇ ಇಲ್ಲ."

ಗಂಡನಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಸುತ್ತ ನೋಡಿದ. "ಬಾಯಿ ಮುಚ್ಚು. ಕೈ ಮುಗೀತೀನಿ ಕಣೇ, ಬಾಯಿ ಮುಚ್ಚು. ನೆಲ ಹೊಳೀತಿದೆ, ಎಲ್ಲರೂ ಒಪ್ಪಿದ್ದಾರೆ. ಅಪ್ಪನ ಮುಂದೆ ಹೋಗಿ 'ನಿಮ್ಮ ನೆಲ ಪೊಳ್ಳು' ಅಂತೀಯಾ? ಅವರು ಬದುಕಿರೋದೇ ಆ ಹೆಸರಿನ ಮೇಲೆ. ನಿನ್ನ ಲೆಕ್ಕ ತಪ್ಪು ಅಂತ ಒಪ್ಪಿಕೊಂಡುಬಿಡು. ನಾನು ಏನೂ ಅನ್ನಲ್ಲ, ಯಾವತ್ತೂ ಅನ್ನಲ್ಲ."

ಅವನು ಕೆಟ್ಟವನಲ್ಲ, ಅಪ್ಪನನ್ನು ಕಂಡರೆ ಪ್ರಾಣ ಅವನಿಗೆ. ಅವಳಿಗೂ ಅಷ್ಟೇ. ಈ ಕಡೆ ನೋಡಿದರೆ ಮಾವ, ಆ ಕಡೆ ನೋಡಿದರೆ ಹಾದಿಯ ತುದಿಯಲ್ಲಿ ಆಗಲೇ ತಂದು ನಿಲ್ಲಿಸಿದ್ದ ಚಕ್ರದ ಮಂಚಗಳು. ಮಂಚ, ಅದರ ಮೇಲೊಬ್ಬ ರೋಗಿ, ಪಕ್ಕದಲ್ಲಿ ಕಬ್ಬಿಣದ ಸಿಲಿಂಡರು. ಅಷ್ಟೂ ಭಾರ ನಾಲ್ಕು ಪುಟ್ಟ ಚಕ್ರದ ಮೇಲೆ. ಕೆಳಗೆ ಪೊಳ್ಳಿರುವ ಟೈಲಿನ ಮೂಲೆಯ ಮೇಲೆ ಆ ಚಕ್ರ ದಿನಾ ಹತ್ತಿ ಇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಮೊದಲು ಗ್ರೌಟ್ ಬಿರುಕು, ಆಮೇಲೆ ಮೂಲೆ ಒಡೆಯುತ್ತದೆ. ಮೂಲೆ ಒಡೆದ ಜಾಗದಲ್ಲಿ ಒಂದು ದಿನ, ಹೊಟ್ಟೆ ಹೊಲಿಸಿಕೊಂಡು ಬರುತ್ತಿರುವ ಯಾರದೋ ಮಂಚದ ಚಕ್ರ ಗಕ್ಕನೆ ಸಿಕ್ಕಿಕೊಳ್ಳುತ್ತದೆ.

ಮಾವ ಹೊರಗೆ ಮರಳಿನ ಗುಡ್ಡೆ ಪಕ್ಕ ನೆರಳಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವಳು ಹೋಗಿ ಎದುರಿಗೆ ಕೂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

"ಮಾವ," ಎಂದಳು, "ಗ್ರೌಟ್ ಸರಿಹೋಯ್ತು."

ಅಷ್ಟೇ ಅಂದದ್ದು. ಬೇರೆ ಯಾರಿಗೇ ಹೇಳಿದ್ದರೂ 'ಒಳ್ಳೇದಾಯ್ತು' ಎಂದು ಊಟ ಶುರುಮಾಡುತ್ತಿದ್ದರು. ಮಾವನ ಕೈ ಡಬ್ಬಿಯ ಮುಚ್ಚಳದ ಮೇಲೆ ಹಾಗೇ ನಿಂತಿತು.

"ಒಂದು ಉಳೀತಾ?"

"ಒಂದೇ."

"ಹಾಗಾದರೆ ಜಾಗ ಸರಿ."

"ಹೂಂ."

"ಸಂದು ಸರಿ."

"ಹೂಂ ಮಾವ."

ಅವರು ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು. ಅವಳ ಗಂಡ ಬಾಗಿಲಲ್ಲಿ ಬಂದು ನಿಂತಿದ್ದ, ತಲೆ ಕೆಳಗೆ ಹಾಕಿ. ಕಲಸುವವನೂ ಅವನ ಹಿಂದೆ ಇಣುಕುತ್ತಿದ್ದ. ಈಗ ಆಕಾಶ ಹರಿದು ಬೀಳುತ್ತದೆ ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರು.

"ಕರಣೆ ಓರೆ ಹಿಡಿದೆನೇನೋ," ಎಂದರು ಮಾವ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ವಯಸ್ಸಾಯ್ತು. ಮಣಿಕಟ್ಟು ಸೋತಿರಬೇಕು."

"ನಿಮ್ಮ ಕೈ ಓರೆಯಾಗಲ್ಲ ಮಾವ." ಅವಳಿಗೆ ಎಲ್ಲಿಂದ ಧೈರ್ಯ ಬಂತೋ. "ಹಲ್ಲು ನೋಡೋಣ."

ಬಕೆಟಿನ ನೀರಿನಲ್ಲಿ ಮುಳುಗಿಸಿಟ್ಟಿದ್ದ ಕರಣೆ ತರಿಸಿದರು. ಬಟ್ಟೆಯಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡರು. ಜೇಬಿನಿಂದ ಉಕ್ಕಿನ ಸ್ಕೇಲ್ ತೆಗೆದರು, ಆದರೆ ಹಲ್ಲಿಗೆ ಹಿಡಿಯಲಿಲ್ಲ. ಅವಳ ಕಡೆ ತಿರುಗಿದರು.

"ಅಳೆಯೋ ಮೊದಲೇ ಹೇಳು. ಎಷ್ಟಿರುತ್ತೆ?"

ಏಳು ಚೀಲ ಕಮ್ಮಿ ಹೋಗಿದೆ, ಮೂವತ್ತೈದಕ್ಕೆ ಏಳು. ಐದರಲ್ಲಿ ಒಂದು ಪಾಲು. ಐದು ಎಂಎಂ ಇರಬೇಕಾದ ಅಂಟು ನಾಲ್ಕೇ ನಿಂತಿದೆ. ನಾಲ್ಕು ನಿಲ್ಲಬೇಕಾದರೆ ಹಲ್ಲಿನ ಆಳ ಅದರ ಎರಡರಷ್ಟು.

"ಎಂಟು," ಎಂದಳು.

ಅವರು ಸ್ಕೇಲನ್ನು ಅವಳ ಕೈಗೇ ಕೊಟ್ಟರು. ಅವಳು ನಡುವಿನ ಒಂದು ಹಲ್ಲಿನ ಪಕ್ಕಕ್ಕೆ ಅದನ್ನು ನಿಲ್ಲಿಸಿದಳು. ಎಂಟು. ಪಕ್ಕದ ಹಲ್ಲು, ಎಂಟು. ಅದರ ಪಕ್ಕದ್ದು, ಒಂದು ಕೂದಲೆಳೆ ಹೆಚ್ಚು. ತೀರಾ ಮೂಲೆಯ ಹಲ್ಲೊಂದೇ ಒಂಬತ್ತಿತ್ತು. ವರ್ಷಾನುಗಟ್ಟಲೆ ಕಾಂಕ್ರೀಟಿನ ಮೇಲೆ ಎಳೆದೂ ಎಳೆದೂ ಉಕ್ಕು ಸವೆದಿತ್ತು. ದಿನಾ ಕೈಯಲ್ಲಿ ಹಿಡಿದವರಿಗೆ ಕಾಣದಷ್ಟು ನಿಧಾನವಾಗಿ ಸವೆದಿತ್ತು.

ಕಲಸುವವನು ಬಾಯಿ ಮೇಲೆ ಕೈಯಿಟ್ಟುಕೊಂಡ. ಅವಳಿಗೇ ಮೈಯೆಲ್ಲ ರೋಮಾಂಚ. ಈ ಹಲ್ಲನ್ನು ಅವಳು ಕಣ್ಣಿಟ್ಟು ನೋಡಿದವಳೇ ಅಲ್ಲ. ಗೋಡೆಗೊರಗಿದ ಚೀಲಗಳು ಹೇಳಿದವು, ಖಾಲಿಯಾದ ಗ್ರೌಟ್ ಪ್ಯಾಕೆಟ್ಟು ಸಾಕ್ಷಿ ನುಡಿಯಿತು, ಉಕ್ಕು ಎಷ್ಟು ಸವೆದಿದೆ ಎನ್ನುವುದು ಕೂತಲ್ಲೇ ಗೊತ್ತಾಯಿತು! ಕಲ್ಲಿನ ಹಿಂದೆ ಇರುವುದನ್ನೂ ಕಾಣಿಸುವ ಈ ಲೆಕ್ಕ ಎಂಥದು ಎಂದು ಭಯಭಕ್ತಿಯೇ ಬಂದುಬಿಟ್ಟಿತು.

"ಭಲೇ!" ಎಂದರು ಮಾವ. ಅವರ ಕಣ್ಣಿನಲ್ಲಿ ನೀರು ತುಂಬಿತ್ತು, ಮುಖದಲ್ಲಿ ಮಾತ್ರ ಮಗುವಿನ ಬೆರಗು. "ನಾನು ಕಲಿಸಿದ್ದೇ ಕಣಮ್ಮ ಇದು. ಆದರೂ ನನಗೆ ಹೊಳೀಲಿಲ್ಲ ನೋಡು, ಲೆಕ್ಕ ತಿರುಗಿಸಿದರೆ ನನ್ನನ್ನೇ ಹಿಡಿಯುತ್ತೆ ಅಂತ."

ಆಮೇಲೆ ಅವರು ಎದ್ದರು. ಊಟದ ಮಾತೇ ಇಲ್ಲ. ಮರದ ಹಿಡಿಯ ಸುತ್ತಿಗೆ ತಿರುಗಿಸಿ ಹಿಡಿದು, ಮಂಡಿಯೂರಿ, ಬಾಗಿಲಿನಿಂದ ಶುರುಮಾಡಿದರು. ಪ್ರತಿ ಟೈಲಿಗೂ ನಾಲ್ಕು ಮೂಲೆ, ನಡುವೆ ಒಂದು. ಟಕ್, ಟಕ್, ಟಕ್. ಗಟ್ಟಿ ಸದ್ದು. ಬಾಗಿಲ ಹತ್ತಿರದ್ದೆಲ್ಲ ಗಟ್ಟಿ. ಅಲ್ಲಿ ನಾಲ್ಕು ಎಂಎಂ ಅಂಟೂ ಸಾಲುತ್ತಿತ್ತು, ನೆಲ ಸಮವಾಗಿತ್ತಲ್ಲ. ಹಾದಿಯ ನಡುವಿಗೆ ಬಂದಾಗ ಕೆಳಗಿನ ಕಾಂಕ್ರೀಟ್ ಕೊಂಚ ತಗ್ಗು. ಡಬ್.

ಅಯ್ಯೋ, ಆ ಸದ್ದು! ಅವಳು ಕಣ್ಣು ಮುಚ್ಚಿಕೊಂಡಳು. ಮಾವ ಸೀಮೆಸುಣ್ಣದಿಂದ ಕತ್ತರಿ ಗುರುತು ಹಾಕಿ ಮುಂದೆ ಹೋದರು. ಡಬ್, ಗುರುತು. ಟಕ್. ಟಕ್. ಡಬ್, ಗುರುತು. ತುದಿ ಮುಟ್ಟುವಾಗ ಮೂವತ್ತರ ಹತ್ತಿರ ಟೈಲುಗಳಿಗೆ ಗುರುತು ಬಿದ್ದಿತ್ತು.

ಮಗ ಸುತ್ತಿಗೆಗೆ ಕೈ ಚಾಚಿದ. "ಕೊಡಿ ಅಪ್ಪ, ನಾನು ಒಡೀತೀನಿ." ಅವರು ಕೊಡಲಿಲ್ಲ. ಹೊಸ ಗ್ರೌಟನ್ನು ಸುತ್ತಲೂ ಕೆರೆದು ತೆಗೆದು, ಪಕ್ಕದ ಟೈಲಿಗೆ ಪೆಟ್ಟಾಗದ ಹಾಗೆ ನಡುವಿಗೆ ಉಳಿ ಇಟ್ಟು, ಒಂದೇ ಏಟು. ಚೂರು ಎತ್ತಿ ಎಲ್ಲರಿಗೂ ತೋರಿಸಿದರು. ಅಂಚಿನಲ್ಲಿ ಅಂಟು ಹತ್ತಿತ್ತು. ನಡುವೆ ಟೈಲಿನ ಬೆನ್ನು ಅಂಗಡಿಯಿಂದ ಬಂದ ಹಾಗೇ ಕೆಂಪಗೆ, ಸ್ವಚ್ಛ. ಕೆಳಗೆ ನೆಲದ ಮೇಲೆ ಕರಣೆ ಬಾಚಿದ ಸಾಲುಗಳು ಏರಿದ್ದು ಏರಿದ ಹಾಗೇ ಕಲ್ಲಾಗಿ ನಿಂತಿದ್ದವು. ನಡುನಡುವೆ ಖಾಲಿ ಓಣಿಗಳು. ಗಾಜಿನಡಿ ಮಾಯವಾದದ್ದನ್ನು ಅವಳು ಅವತ್ತು ಬೆರಗಿನಿಂದ ನೋಡಿದ್ದಳಲ್ಲ, ಅದೇ ಓಣಿಗಳು, ಇಲ್ಲಿ ಮಾಯವಾಗದೆ ಉಳಿದಿದ್ದವು.

ಇಂಜಿನಿಯರಮ್ಮನನ್ನು ಮಾವನೇ ಕರೆದು ತಂದರು. ಹೇಳಿದ್ದೂ ಅವರೇ, ಸುತ್ತಿ ಬಳಸದೆ. "ತಪ್ಪು ನನ್ನ ಕರಣೆಯದು. ಗುರುತು ಹಾಕಿದ್ದನ್ನೆಲ್ಲ ನಮ್ಮ ಖರ್ಚಿನಲ್ಲೇ ತೆಗೆದು ಹಾಕ್ತೀವಿ. ಮಂಚ ಬಿಡೋದು ಸ್ವಲ್ಪ ತಡ ಮಾಡಿ."

ಆಕೆ ಒಡೆದ ಟೈಲಿನ ಪಕ್ಕ ಕೂತು ಬೆರಳಿನಿಂದ ಆ ಸಾಲುಗಳನ್ನು ಮುಟ್ಟಿ ನೋಡಿದರು. "ನೀವು ಹೇಳದೇ ಇದ್ದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಮೇಸ್ತ್ರಿ," ಎಂದರು.

"ಮಂಚದ ಚಕ್ರಕ್ಕೆ ಗೊತ್ತಾಗ್ತಿತ್ತು ತಾಯಿ," ಎಂದರು ಮಾವ.

ಮನೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹೊಸ ಕರಣೆ ಕೊನೆಗೂ ಕೆಳಗಿಳಿಯಿತು. ಗಟ್ಟಿಯಾದ ಹಳೇ ಅಂಟನ್ನು ಕೆರೆದು ತೆಗೆಯುವುದರಲ್ಲಿ ಎಲ್ಲರ ಬೆನ್ನು ಬಿದ್ದುಹೋಯಿತು. ಈ ಸಲ ನೆಲಕ್ಕೆ ಬಾಚಿದ್ದಲ್ಲದೆ ಪ್ರತಿ ಟೈಲಿನ ಬೆನ್ನಿಗೂ ತೆಳ್ಳಗೆ ಅಂಟು ಬಳಿದರು, ತಗ್ಗಿದ್ದಲ್ಲೂ ಖಾಲಿ ಉಳಿಯದ ಹಾಗೆ. ಗೋಡೆಗೊರಗಿದ್ದ ಎಂಟು ಚೀಲದಲ್ಲಿ ಐದು ಅದಕ್ಕೇ ಹೋಯಿತು. ಕಲಸುವವನು ಪ್ರತಿ ಚೀಲ ಒಡೆಯುವಾಗಲೂ ಅವಳ ಕಡೆ ನೋಡಿ ಕಿವಿ ಹಿಡಿದುಕೊಳ್ಳುತ್ತಿದ್ದ. "ಸಾಕು ಬಿಡಿ ಅಣ್ಣ, ಕಿವಿ ಕಿತ್ತು ಬರುತ್ತೆ," ಎಂದು ಅವಳು ನಕ್ಕಳು. ಬಹಳ ಹೊತ್ತಿನ ಮೇಲೆ ಬಂದ ನಗು.

ಹೊಸ ಕರಣೆಯನ್ನು ಮಾವ ಕೆಲಸಕ್ಕೆ ಮೊದಲು ಅವಳ ಕೈಗೆ ಕೊಟ್ಟರು, ಸ್ಕೇಲಿನ ಸಮೇತ. "ಅಂಟು ಕಲಸೋ ಮೊದಲು ಹಲ್ಲು ಅಳೀಬೇಕು. ಇನ್ನು ಮೇಲೆ ದಿನಾ. ಅದು ನಿನ್ನ ಕೆಲಸ." ಅವಳು ಅಳೆದು "ಹತ್ತು" ಎಂದ ಮೇಲೆಯೇ ಕಲಸುವವನು ನೀರು ಮುಟ್ಟಿದ್ದು. ಇವತ್ತಿಗೂ ಆ ಗುಂಪಿನಲ್ಲಿ ಹಾಗೇ ನಡೆಯುತ್ತದೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮಂಚಗಳು ಹೊಸ ನೆಲದ ಮೇಲೆ ಸದ್ದಿಲ್ಲದೆ ಉರುಳಿದ್ದನ್ನು ನೋಡಿಕೊಂಡು ಎಲ್ಲರೂ ಮನೆಗೆ ಬಂದಿದ್ದರು. ಅತ್ತೆ ಬಿಸಿನೀರು ಕಾಯಿಸಿದ್ದರು. ಮಾವ ಮಾತ್ರ ಜಗುಲಿಯ ಮೇಲೆ ಕೂತು ಸವೆದ ಕರಣೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇದು ಒಂದೇ ದಿನಕ್ಕೆ ಸವೆದಿಲ್ಲ ಅಲ್ವೇನಮ್ಮ?" ಎಂದರು.

ಅವಳಿಗೆ ಅವರ ಮಾತು ಎಲ್ಲಿಗೆ ಹೊರಟಿದೆ ಎಂದು ತಿಳಿಯಿತು.

"ಆಸ್ಪತ್ರೆಗೆ ಮೊದಲು, ಇದರಲ್ಲಿ ಹಾಕಿದ ದೊಡ್ಡ ಟೈಲಿನ ಕೆಲಸ ಯಾವುದು? ಅಲ್ಲಿ ಎಷ್ಟು ಉಳಿದಿತ್ತು?"

ಉಳಿದದ್ದನ್ನು ಅವಳು ಮರೆಯುವವಳೇ? ಬೇರೆಯವರು ಹಬ್ಬದ ಹಾಗೆ ಸಂಭ್ರಮಿಸಿದ ಪ್ರತಿ ಚೀಲವನ್ನೂ ಅವಳು ಎಣಿಸಿಟ್ಟಿದ್ದಳು. "ದರ್ಜಿ ಅಂಗಡಿ ಮೇಲಿನ ಮನೆ, ಎರಡು ಚೀಲ. ಅದಕ್ಕೆ ಮೊದಲು ಟೀಚರಮ್ಮನ ಮನೆಯ ಹಾಲ್, ಒಂದೂವರೆ. ಅದಕ್ಕೂ ಮೊದಲು ಔಷಧಿ ಅಂಗಡಿ, ಅಲ್ಲಿ ಮುಕ್ಕಾಲು. ಮುಕ್ಕಾಲು ಸರಿಯೇ ಮಾವ, ಬಕೆಟಿನಲ್ಲಿ ಹಾಳಾಗೋದಕ್ಕೆ ಅಂತ ಇಟ್ಟ ಒಂದು ಚೀಲದಲ್ಲಿ ಉಳಿದದ್ದು."

"ಹಾಗಾದರೆ ಎರಡು ಮನೆ," ಎಂದು ಮಾವ ಎದ್ದು ಚಪ್ಪಲಿ ಮೆಟ್ಟಿದರು.

"ಯಾರೂ ಕೇಳಿಲ್ಲವಲ್ಲ ಅಪ್ಪ!" ಮಗ ಕೂಗಿದ. "ಯಾರೂ ದೂರು ಕೊಟ್ಟಿಲ್ಲ!"

"ಅವರಿಗೆ ಲೆಕ್ಕ ಬರಲ್ಲ ಕಣೋ. ನಿನ್ನ ಹೆಂಡತಿಗೆ ಬರುತ್ತೆ," ಎಂದರು. ಬೀದಿಗಿಳಿದು ಸುತ್ತಿಗೆಯನ್ನು ಸೊಸೆಯ ಕೈಗೆ ಕೊಟ್ಟರು. "ನೀನು ತಟ್ಟು. ನನ್ನ ಕಿವಿಗೆ ನನ್ನ ಕೆಲಸದ ಮೇಲೆ ಮುಲಾಜಿರುತ್ತೆ."

ಅವಳು ಸುತ್ತಿಗೆ ಹಿಡಿದು ಅವರ ಹಿಂದೆ ನಡೆದಳು. ಮಂಡಿನೋವಿಗೆ ಕುಂಟುತ್ತಾ, ಇಷ್ಟು ವರ್ಷ ಕಟ್ಟಿಕೊಂಡ ಹೆಸರನ್ನು ತಾವೇ ತಟ್ಟಿ ನೋಡಲು ಹೊರಟ ಆ ಬೆನ್ನನ್ನು ನೋಡುತ್ತಾ ಅವಳು ಹೆಜ್ಜೆ ಹಾಕಿದಳು. ಇಂಥವರ ಮನೆಗೆ ಬಂದೆನಲ್ಲ ಎಂದು ಮಾತ್ರ ಅನ್ನಿಸುತ್ತಿತ್ತು. ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿದರೆ, ಗಂಡ ಹೊಸ ಕರಣೆ ಹಿಡಿದುಕೊಂಡು ಬರುತ್ತಿದ್ದ.

ದರ್ಜಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಮಾವ ಕದ ತಟ್ಟಿದರು. ಮನೆಯಾಕೆ ಬಾಗಿಲು ತೆರೆದು, ಮೂವರನ್ನೂ ನೋಡಿ ಗಾಬರಿಯಾದರು. "ಏನು ಮೇಸ್ತ್ರಿ? ನಿಮ್ಮದೆಲ್ಲ ಬಾಕಿ ಆಗಲೇ ಕೊಟ್ಟಾಗಿದೆಯಲ್ಲ?"

"ನಮ್ಮದೇ ಬಾಕಿ ಇದೆ ಅಮ್ಮ," ಎಂದರು ಮಾವ, ಚಪ್ಪಲಿ ಬಿಡುತ್ತಾ. "ಅವತ್ತು ಎರಡು ಚೀಲ ಅಂಟು ನಮ್ಮ ಹತ್ತಿರ ಉಳಿದುಹೋಗಿತ್ತು. ಅದು ನಿಮ್ಮ ನೆಲದ ಕೆಳಗೆ ಇರಬೇಕಾಗಿತ್ತು."